ಎಲೆ ನೋಡಿ ಬಳ್ಳಿಯ ಹೆಸರು ಹೇಳಬೇಡಿ

ಅಡ್ಡಗದ್ದೆಯಿಂದ ಶೃಂಗೇರಿ ಕಡೆಗೋ ಕೊಪ್ಪದ ಕಡೆಗೋ ಹೋಗುವಾಗ ರಸ್ತೆ ಬದಿಯ ಧರೆಯನ್ನು ಗಮನಿಸಿ. ಹೃದಯದ ಆಕಾರದ ಎಲೆಯ ಬಳ್ಳಿ ಇಲ್ಲದ ಜಾಗ ಸಿಗುವುದೇ ಕಷ್ಟ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಎಲೆ ಹೆಚ್ಚುಕಡಿಮೆ ಹೃದಯದ ಆಕಾರ. ಹಿತ್ತಿಲಿನ ವೀಳ್ಯದೆಲೆಯೂ ಹಾಗೇ. ಬೇಲಿಯ ಮೇಲಿನ ಕಾಡುಗೆಣಸು, ಧರೆಯ ಮೇಲೆ ಹರಿಯುವ ಪಾಡಾವಳ (ನಮ್ಮ ಕಡೆ ಹಾಡೆಬಳ್ಳಿ ಎಂದೂ ಹೇಳುತ್ತಾರೆ), ಸೊಪ್ಪಿನ ಬೆಟ್ಟದ ಕಾಕಮಾರಿ, ಅಂಗಳದ ಕುಂಡದ ಮನಿಪ್ಲಾಂಟ್, ಎಲ್ಲವೂ ಅದೇ ಆಕಾರ. ಇವೆಲ್ಲದರ ನಡುವೆ ಎಲ್ಲೋ ಒಂದು ಕಡೆ ಅಮೃತಬಳ್ಳಿಯೂ ಇರುತ್ತದೆ. ಹಿಂದಿಯಲ್ಲಿ ಗಿಲೋಯ್ ಎಂದು ಕರೆಯುವುದು ಇದನ್ನೇ.

ಅಮೃತಬಳ್ಳಿಯ ವೈಜ್ಞಾನಿಕ ಹೆಸರು ಟಿನೋಸ್ಪೊರಾ ಕಾರ್ಡಿಫೋಲಿಯಾ. ಕಾರ್ಡಿಫೋಲಿಯಾ ಎಂದರೆ ಹೃದಯದಂಥ ಎಲೆಯದು ಎಂದರ್ಥ. ತಮಾಷೆ ಎಂದರೆ, ಹೆಸರಿನಲ್ಲೇ ಇರುವ ಈ ಲಕ್ಷಣವೇ ಗುರುತು ಹಿಡಿಯಲು ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುತ್ತದೆ. ನಮ್ಮ ಕಾಲೇಜಿನ ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಮನೆಯವರು, ನೆಂಟರು ಫೋಟೊ ಕಳಿಸಿ "ಇದು ಅಮೃತಬಳ್ಳಿ ಹೌದಾ?" ಎಂದು ಕೇಳುವುದು ಕೊರೊನಾ ನಂತರ ಮಾಮೂಲಾಗಿದೆ. ಕಳಿಸುವ ಫೋಟೊ ಹತ್ತಕ್ಕೆ ಒಂಬತ್ತು ಸಲ ಎಲೆಯದೇ ಆಗಿರುತ್ತದೆ. ಎಲೆ ಬಿಟ್ಟು ಏನು ನೋಡಬೇಕು, ಫೋಟೊ ಹೇಗೆ ತೆಗೆಸಬೇಕು ಎಂಬುದನ್ನು ನಮ್ಮ ಮನೆಯಲ್ಲೇ ಆದ ಒಂದು ಪ್ರಸಂಗದ ಮೂಲಕ ಹೇಳುತ್ತೇನೆ.

ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಇರುವುದು ಅಡ್ಡಗದ್ದೆಯಲ್ಲಿ. ಅವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಹೊತ್ತು ಮಾತ್ರೆ. ಮದುವೆ ಮನೆಯೊಂದರಲ್ಲಿ ಯಾರೋ "ಅಮೃತಬಳ್ಳಿ ಕಷಾಯ ಕುಡಿಯಿರಿ, ಸಕ್ಕರೆ ಇಳಿಯುತ್ತದೆ" ಎಂದಿದ್ದಾರೆ. ಹಿತ್ತಿಲಿನ ಹಲಸಿನ ಮರಕ್ಕೆ ಹಬ್ಬಿದ ಬಳ್ಳಿಯೊಂದು ಅವರ ಕಣ್ಣಿಗೆ ಬಿದ್ದಿದೆ. ಬುಡದಲ್ಲಿ ಒಂದು ಗೇಣು ತುಂಡು ಕಡಿದು, ತೊಳೆದು, ಅಡುಗೆಮನೆಯಲ್ಲಿಟ್ಟು ನನಗೆ ಫೋಟೊ ಕಳಿಸಿದರು. ಫೋಟೊದಲ್ಲಿ ಅಂಗೈ ಮೇಲೆ ಒಂದು ಹಸಿರು ಎಲೆ. ಕೆಳಗೆ ಧ್ವನಿಸಂದೇಶ: "ಬೇಟಾ, ಇದೇ ಅಲ್ಲವಾ? ರಾತ್ರಿ ಕುದಿಸಿಡುತ್ತೇನೆ."

ಎಲೆ ಹೃದಯದಂತೆ ಇತ್ತು. ತೊಟ್ಟು ಉದ್ದವಾಗಿತ್ತು. ನರಗಳು ಬುಡದಿಂದ ಕೈಬೆರಳಿನಂತೆ ಹರಡಿದ್ದವು. ಅಮೃತಬಳ್ಳಿಯ ಎಲೆಗೂ ಈ ಮೂರೂ ಲಕ್ಷಣ ಉಂಟು. ಆದರೆ ಕಾಕಮಾರಿಗೂ ಉಂಟು. ಎರಡೂ ಮೆನಿಸ್ಪರ್ಮೇಸಿ ಎಂಬ ಒಂದೇ ಕುಟುಂಬದ ಬಳ್ಳಿಗಳು, ಅಣ್ಣತಮ್ಮಂದಿರ ಮಕ್ಕಳಿದ್ದ ಹಾಗೆ. ಕಾಡುಗೆಣಸಿನ ಎಲೆಯೂ ಫೋಟೊದಲ್ಲಿ ಇವಕ್ಕೆ ಹತ್ತಿರವೇ ಕಾಣುತ್ತದೆ. ಅದರ ನರಗಳು ಬುಡದಿಂದ ಹೊರಟು ಬಿಲ್ಲಿನಂತೆ ಬಾಗಿ ತುದಿಯ ತನಕ ಓಡುತ್ತವೆ ಎಂಬುದನ್ನು ಗಮನಿಸಿದರೆ ಮಾತ್ರ ಬೇರೆ ಎಂದು ತಿಳಿಯುತ್ತದೆ. ಪಾಡಾವಳ ಒಂದನ್ನು ಮಾತ್ರ ಎಲೆಯಿಂದಲೇ ಬಿಡಬಹುದು. ಅದರ ತೊಟ್ಟು ಎಲೆಯ ಅಂಚಿಗೆ ಸೇರುವುದಿಲ್ಲ. ಅಂಚಿನಿಂದ ಸ್ವಲ್ಪ ಒಳಗೆ, ಎಲೆಯ ಅಡಿಭಾಗಕ್ಕೆ, ಕೊಡೆಗೆ ಹಿಡಿಕೆ ಸೇರಿದಂತೆ ಸೇರಿರುತ್ತದೆ. ಖಾಲಾ ಕಳಿಸಿದ ಎಲೆಯಲ್ಲಿ ತೊಟ್ಟು ಅಂಚಿನಲ್ಲೇ ಇತ್ತು. ಆದ್ದರಿಂದ ಪಾಡಾವಳ ಅಲ್ಲ ಎಂದಷ್ಟೇ ಹೇಳಲು ಸಾಧ್ಯವಿತ್ತು. ಅಮೃತಬಳ್ಳಿ ಹೌದು ಎನ್ನಲು ಆ ಫೋಟೊದಲ್ಲಿ ಆಧಾರವೇ ಇರಲಿಲ್ಲ.

ನಾನು ಖಾಲಾಗೆ ಫೋನ್ ಮಾಡಿದೆ. "ಖಾಲಾ, ಇವತ್ತು ಕುದಿಸಬೇಡಿ. ನಾಳೆ ಬೆಳಿಗ್ಗೆ ಇನ್ನೂ ನಾಲ್ಕು ಫೋಟೊ ಬೇಕು" ಎಂದೆ. "ಒಂದು ಎಲೆಗೆ ನಾಲ್ಕು ಫೋಟೊವಾ?" ಎಂದು ನಕ್ಕರು. ಎಲೆಗಲ್ಲ, ಕಾಂಡಕ್ಕೆ ಮತ್ತು ಬಿಳಲಿಗೆ ಎಂದು ವಿವರಿಸಿದೆ.

ಮೊದಲು ಕಾಂಡದ ವಿಷಯ. ಅಮೃತಬಳ್ಳಿಯ ಎಳೆಯ ಕಾಂಡ ಹಸಿರು, ನುಣುಪು, ರಸಭರಿತ. ಬೆರಳು ಗಾತ್ರಕ್ಕೆ ಬಲಿತ ಮೇಲೆ ಅದರ ಮೇಲೆ ಬೂದು ಬಿಳಿ ಬಣ್ಣದ ತೆಳ್ಳನೆಯ ಸಿಪ್ಪೆ ಬರುತ್ತದೆ. ಈರುಳ್ಳಿಯ ಹೊರಸಿಪ್ಪೆಯ ಹಾಗೆ, ಕಾಗದದ ಹಾಗೆ, ಅದು ಉಗುರಿಗೆ ಹಾಳೆಯಾಗಿ ಏಳುತ್ತದೆ. ಸಿಪ್ಪೆ ಎದ್ದ ಜಾಗದಲ್ಲಿ ಒಳಗೆ ಹಚ್ಚಹಸಿರು. ಹೊರಗೆ ಒಣಗಿದ ಕಡ್ಡಿಯಂತೆ ಕಂಡ ಬಳ್ಳಿ ಒಳಗೆ ಅಷ್ಟು ಹಸಿರಾಗಿರುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಸಿಪ್ಪೆಯ ಮೇಲೆ ಅಲ್ಲಲ್ಲಿ ಸಣ್ಣ ದುಂಡನೆಯ ಚುಕ್ಕೆಗಳು ಇರುತ್ತವೆ. ಇವು ಲೆಂಟಿಸೆಲ್‌ಗಳು, ಕಾಂಡ ಉಸಿರಾಡುವ ರಂಧ್ರಗಳು. ಸವರಿದರೆ ಬೆರಳಿಗೆ ಸ್ವಲ್ಪ ಒರಟು ಸಿಗುತ್ತದೆ, ಆದರೆ ಅವು ಗುಬುಟುಗಳಲ್ಲ.

ಕಾಕಮಾರಿಯ ಹಳೆಯ ಕಾಂಡ ಇದಕ್ಕಿಂತ ಬೇರೆಯೇ. ಅದರ ತೊಗಟೆ ದಪ್ಪ, ಬೆಂಡಿನಂಥದು, ಉದ್ದುದ್ದಕ್ಕೆ ಸೀಳು ಬಿಟ್ಟಿರುತ್ತದೆ. ಉಗುರು ಹಾಕಿದರೆ ಹಾಳೆ ಏಳುವುದಿಲ್ಲ. ಪುಡಿಯೋ ಚೂರೋ ಉದುರುತ್ತದೆ. ಕಾಳುಮೆಣಸಿನ ಕಾಂಡದಲ್ಲಿ ಗಿಣ್ಣುಗಳು ಊದಿಕೊಂಡಿರುತ್ತವೆ, ಬೆರಳಿನ ಗೆಣ್ಣಿನ ಹಾಗೆ. ಅಮೃತಬಳ್ಳಿಯ ಕಾಂಡದಲ್ಲಿ ಆ ರೀತಿ ಎದ್ದು ಕಾಣುವ ಗಿಣ್ಣುಗಳಿಲ್ಲ. ಪಾಡಾವಳ, ಕಾಡುಗೆಣಸುಗಳ ಕಾಂಡ ದಾರದಂತೆಯೋ ಹಗ್ಗದಂತೆಯೋ ತೆಳ್ಳಗೆ. ಕಾಡುಗೆಣಸಿನ ಎಲೆಯ ಕಂಕುಳಲ್ಲಿ ಸಣ್ಣ ಆಲೂಗಡ್ಡೆಯಂಥ ಗಡ್ಡೆ ನೇತಾಡುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಇದೆಲ್ಲ ಕೈಯಲ್ಲಿ ಹಿಡಿದರೆ ಸುಲಭ. ಫೋಟೊದಲ್ಲಿ ಎರಡು ತೊಡಕು ಬರುತ್ತವೆ, ಎರಡೂ ನಮ್ಮ ಮಲೆನಾಡಿನ ಮಳೆಯವೇ. ಒಂದು, ಇಲ್ಲಿ ಯಾವ ಕಾಂಡವೂ ಬರಿಮೈಯಲ್ಲಿ ಇರುವುದಿಲ್ಲ. ಹಾವಸೆ, ಕಲ್ಲುಹೂವು ಹತ್ತಿಕೊಂಡಿರುತ್ತವೆ. ಕಲ್ಲುಹೂವಿನ ಬಿಳಿ ಪಟ್ಟೆ ಫೋಟೊದಲ್ಲಿ ಥೇಟ್ ಅಮೃತಬಳ್ಳಿಯ ಬಿಳಿ ಸಿಪ್ಪೆಯ ಹಾಗೆ ಕಾಣುತ್ತದೆ. ಇನ್ನೊಂದು, ಅಡಿಕೆ ತೋಟದ ಬೋರ್ಡೋ ದ್ರಾವಣ. ಕೊಳೆ ರೋಗಕ್ಕೆಂದು ಮೈಲುತುತ್ತು, ಸುಣ್ಣ ಬೆರೆಸಿ ಮಳೆಗಾಲದಲ್ಲಿ ಗೊನೆಗೆ ಹೊಡೆದಾಗ ಅದು ಕೆಳಗಿನ ಬಳ್ಳಿಗಳ ಮೇಲೆಲ್ಲ ತೊಟ್ಟಿಕ್ಕುತ್ತದೆ. ಒಣಗಿದ ಮೇಲೆ ಕಾಂಡದ ಮೇಲೆ ನೀಲಿ ಬಿಳುಪಿನ ಕಲೆ ಉಳಿಯುತ್ತದೆ. ಅದನ್ನು ಸಿಪ್ಪೆಯ ಬಣ್ಣ ಎಂದುಕೊಂಡರೆ ಕೆಟ್ಟಿತು. ಮೈಲುತುತ್ತು ತಾಮ್ರದ ಲವಣ. ಆದ್ದರಿಂದ ತೋಟದೊಳಗಿನ ಬಳ್ಳಿ ನಿಜವಾದ ಅಮೃತಬಳ್ಳಿಯೇ ಆಗಿದ್ದರೂ ಅದನ್ನು ಔಷಧಿಗೆ ತೆಗೆಯಬಾರದು.

ಎರಡೂ ತೊಡಕಿಗೆ ಒಂದೇ ಪರಿಹಾರ: ಉಗುರು. ಕಾಂಡವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಇಂಚಿನಷ್ಟು ಜಾಗದಲ್ಲಿ ಉಗುರಿನಿಂದ ಸಿಪ್ಪೆ ಎಬ್ಬಿಸಿ, ಎದ್ದ ಜಾಗವೂ ಪಕ್ಕದ ಮುಟ್ಟದ ಜಾಗವೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆಯಬೇಕು. ಹಾಳೆ ಎದ್ದಿದೆಯೋ ಪುಡಿ ಉದುರಿದೆಯೋ, ಒಳಗೆ ಹಸಿರಿದೆಯೋ ಇಲ್ಲವೋ ಎಂಬುದು ಆಗ ದೂರದಲ್ಲಿ ಕೂತವರಿಗೂ ಕಾಣುತ್ತದೆ. ಪಕ್ಕದಲ್ಲಿ ಒಂದು ನಾಣ್ಯವನ್ನೋ ಪೆನ್ನನ್ನೋ ಇಟ್ಟರೆ ಕಾಂಡದ ಗಾತ್ರವೂ ತಿಳಿಯುತ್ತದೆ. ಫ್ಲಾಷ್ ಹಾಕಲೇಬಾರದು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಬಿಳಲು. ಆಲದ ಮರಕ್ಕೆ ಬಿಳಲು ಇರುವಂತೆ ಅಮೃತಬಳ್ಳಿಗೂ ಇದೆ, ಆದರೆ ದಪ್ಪವಲ್ಲ. ಬಲಿತ ಕಾಂಡದಿಂದ ಹೊರಟು ಗಾಳಿಯಲ್ಲಿ ನೇರವಾಗಿ ಕೆಳಗಿಳಿಯುವ ಉದ್ದನೆಯ ದಾರ ಅದು. ಮರದ ಮೇಲಿನ ಕೊಂಬೆಯಿಂದ ನೆಲದ ತನಕ ಯಾರೋ ಹೊಲಿಗೆ ದಾರ ಇಳಿಬಿಟ್ಟ ಹಾಗೆ ಕಾಣುತ್ತದೆ. ನೆಲ ಮುಟ್ಟಿದರೆ ಬೇರಾಗಿ ದಪ್ಪವಾಗುತ್ತದೆ. ಕೆಳಗೆ ಬಳ್ಳಿಯನ್ನು ಕಡಿದರೂ ಮೇಲಿನ ಭಾಗ ಸಾಯುವುದಿಲ್ಲ. ಕಡಿದ ತುಂಡಿನಿಂದ ಹೊಸ ದಾರ ಇಳಿದು ಮತ್ತೆ ಮಣ್ಣು ಹುಡುಕುತ್ತದೆ. ಸಂಸ್ಕೃತದ ನಿಘಂಟುಗಳು ಇದನ್ನು ಛಿನ್ನರುಹಾ ಎಂದು ಕರೆದಿರುವುದು ಇದಕ್ಕೇ. ಕಡಿದರೂ ಬೆಳೆಯುವಂಥದು ಎಂದು ಅರ್ಥ. ಅಮೃತ ಎಂಬ ಹೆಸರೂ ಇದಕ್ಕೆ ಹೊಂದುತ್ತದೆ.

ಕಾಳುಮೆಣಸಿಗೂ ಗಾಳಿಬೇರು ಇದೆ. ಅದರ ಕೆಲಸ ಬೇರೆ, ಆದ್ದರಿಂದ ರೂಪವೂ ಬೇರೆ. ಅದು ನೇತಾಡುವ ಬೇರಲ್ಲ, ಅಂಟುವ ಬೇರು. ಪ್ರತಿ ಗಿಣ್ಣಿನಲ್ಲಿ ಮಾತ್ರ ಗೊಂಚಲಾಗಿ ಹೊರಟು, ಗಿಡ್ಡವಾಗಿ, ಮರದ ತೊಗಟೆಯನ್ನು ಸಹಸ್ರಪದಿಯ ಕಾಲಿನಂತೆ ಕಚ್ಚಿ ಹಿಡಿದಿರುತ್ತದೆ. ವೀಳ್ಯದೆಲೆಯದೂ ಅದೇ ರೀತಿ. ಮನಿಪ್ಲಾಂಟಿನದು ದಪ್ಪ, ಕಂದು ಬಣ್ಣ, ಅದೂ ಗಿಣ್ಣಿನಿಂದಲೇ. ಪಾಡಾವಳಕ್ಕೂ ಕಾಡುಗೆಣಸಿಗೂ ಕಾಕಮಾರಿಗೂ ಇಂಥ ನೇತಾಡುವ ದಾರ ಇಲ್ಲ. ಅವು ಆಸರೆಯನ್ನು ಸುತ್ತಿಕೊಂಡು ಹತ್ತುವ ಬಳ್ಳಿಗಳು. ಹೀಗೆ ಬೇರು ಗಿಣ್ಣಿನಲ್ಲಿ ಅಂಟಿದೆಯೋ, ಕಾಂಡದಿಂದ ನೇತಾಡುತ್ತಿದೆಯೋ, ಇಲ್ಲವೇ ಇಲ್ಲವೋ ಎಂಬ ಒಂದೇ ಪ್ರಶ್ನೆಯಿಂದ ನಮ್ಮ ಪಟ್ಟಿಯ ಬಹುಪಾಲು ಬಳ್ಳಿಗಳು ಬೇರೆಯಾಗುತ್ತವೆ.

ಆದರೆ ದಾರದಂಥ ಬಿಳಲಿನ ಫೋಟೊ ತೆಗೆಯುವುದು ಸುಲಭವಲ್ಲ. ಮೊಬೈಲಿನ ಕ್ಯಾಮೆರಾ ದಾರವನ್ನು ಬಿಟ್ಟು ಹಿಂದಿನ ಹಲಸಿನ ಎಲೆಗೆ ಫೋಕಸ್ ಆಗುತ್ತದೆ, ದಾರ ಮಸುಕು. ದಾರದ ಹಿಂದೆ ಇನ್ನೊಂದು ಕೈಯ ಅಂಗೈಯನ್ನೋ ನೋಟ್‌ಬುಕ್ಕಿನ ರಟ್ಟನ್ನೋ ಹಿಡಿದರೆ ಸರಿಯಾಗಿ ಬರುತ್ತದೆ. ಅದಾದ ಮೇಲೆ ಮರದ ಬುಡದಲ್ಲಿ ನಿಂತು ಮೇಲೆ ಆಕಾಶಕ್ಕೆ ಎದುರಾಗಿ ಇನ್ನೊಂದು ಫೋಟೊ. ಆ ದಾರ ಎಲ್ಲಿಂದ ಹೊರಟಿದೆ ಎಂಬುದು ಅದರಲ್ಲಿ ಕಾಣಬೇಕು. ವಾಟ್ಸ್ಯಾಪ್ ಫೋಟೊವನ್ನು ಹಿಂಡಿ ಸಣ್ಣದು ಮಾಡಿದಾಗ ಇಂಥ ದಾರಗಳೇ ಮೊದಲು ಮಾಯವಾಗುವುದು. ಅದಕ್ಕೇ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ ಎಂದು ಖಾಲಾಗೆ ಹೇಳಿದ್ದೆ. ಅವರ ಮಗ, ಒಂಬತ್ತನೇ ತರಗತಿಯವನು, ಎಲ್ಲವನ್ನೂ ಹೇಳಿದಂತೆ ಮಾಡಿದ.

ಮರುದಿನ ಬೆಳಿಗ್ಗೆ ನಾಲ್ಕು ಫೋಟೊ ಬಂದವು. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ದೂರದಿಂದ ತೆಗೆದ ಇಡೀ ಮರ. ಹಲಸಿನ ಮರದ ಒಂದು ಮಗ್ಗುಲಿಗೆ ಕಾಳುಮೆಣಸು, ಕಾಂಡಕ್ಕೆ ಒತ್ತಿಕೊಂಡು. ಇನ್ನೊಂದು ಮಗ್ಗುಲಿಗೆ ದೊಡ್ಡ ಎಲೆಯ ಬಳ್ಳಿ. ಮೇಲಿನ ಕೊಂಬೆಗಳ ನಡುವೆ ಎಲ್ಲ ಕಲಸಿಕೊಂಡು ಹಸಿರು ಗುಡ್ಡೆ.

ಎರಡನೆಯದು ಬಿಳಲು. ಅಂಗೈ ಮುಂದೆ ಮೂರು ತೆಳ್ಳನೆಯ ದಾರಗಳು ಸ್ಪಷ್ಟವಾಗಿ ಕಂಡವು. ಗಿಣ್ಣಿಲ್ಲ, ಅಂಟಿಲ್ಲ, ನೆಟ್ಟಗೆ ಇಳಿದಿವೆ. ಇದನ್ನು ಮಾತ್ರ ನೋಡಿದ್ದರೆ ಯಾರಾದರೂ ಅಮೃತಬಳ್ಳಿ ಎನ್ನುತ್ತಿದ್ದರು.

ಮೂರನೆಯದು ಖಾಲಾ ತುಂಡು ಕಡಿದ ಜಾಗದ ಕಾಂಡ, ಪಕ್ಕದಲ್ಲಿ ಐದು ರೂಪಾಯಿಯ ನಾಣ್ಯ. ಕಾಂಡ ನಾಣ್ಯಕ್ಕಿಂತ ದಪ್ಪವಿತ್ತು. ತೊಗಟೆಯಲ್ಲಿ ಉದ್ದುದ್ದ ಸೀಳು. ಹುಡುಗ ಉಗುರು ಹಾಕಿದ ಜಾಗದಲ್ಲಿ ಹಾಳೆ ಎದ್ದಿರಲಿಲ್ಲ, ಬೆಂಡಿನ ಚೂರು ಉದುರಿತ್ತು. ಹಸಿರು ಕಾಣಲಿಲ್ಲ.

ನಾಲ್ಕನೆಯದು ಎಲೆಯ ಅಡಿಭಾಗ. ನರಗಳು ಕವಲೊಡೆಯುವ ಮೂಲೆಗಳಲ್ಲಿ ಸಣ್ಣ ಕೂದಲಿನ ಕುಚ್ಚುಗಳಿದ್ದವು. ಅಮೃತಬಳ್ಳಿಯ ಎಲೆಯ ಅಡಿ ನುಣುಪಾಗಿರುತ್ತದೆ. ಮೂಲೆಯ ಕುಚ್ಚು ಕಾಕಮಾರಿಯ ಗುರುತು.

ಬಿಳಲು ಒಂದು ಹೇಳುತ್ತದೆ, ಕಾಂಡ ಮತ್ತು ಎಲೆ ಇನ್ನೊಂದು ಹೇಳುತ್ತವೆ. ಸಾಕ್ಷಿಗಳು ಹೀಗೆ ಜಗಳವಾಡಿದರೆ ಒಂದನ್ನು ನಂಬಿ ಇನ್ನೊಂದನ್ನು ಬಿಡುವುದು ಸರಿಯಲ್ಲ. ಎರಡೂ ಸತ್ಯವಾಗಿರಲು ಹೇಗೆ ಸಾಧ್ಯ ಎಂದು ಕೇಳಬೇಕು. ಉತ್ತರ ಸರಳ: ಒಂದೇ ಮರದಲ್ಲಿ ಎರಡು ಬಳ್ಳಿ ಇದ್ದರೆ. ನಮ್ಮ ಕಡೆ ಇದು ಅಪರೂಪವಲ್ಲ. ಒಂದು ಹಲಸಿಗೆ ಮೂರು ನಾಲ್ಕು ಬಳ್ಳಿ ಇರುವುದು ಮಾಮೂಲು. ಫೋಟೊದ ದೊಡ್ಡ ಅಪಾಯ ಇರುವುದೇ ಇಲ್ಲಿ. ಎಲೆ ಒಂದರದು, ಕಾಂಡ ಮತ್ತೊಂದರದು, ಬಿಳಲು ಮೂರನೆಯದರದು ಆಗಿದ್ದರೂ ಮೊಬೈಲಿನಲ್ಲಿ ಎಲ್ಲ ಒಂದೇ ಗಿಡದ ಫೋಟೊಗಳಂತೆ ಸಾಲಾಗಿ ಬರುತ್ತವೆ.

ಹುಡುಗನಿಗೆ ಒಂದು ಕೆಲಸ ಹೇಳಿದೆ. ಖಾಲಾ ಕಡಿದ ಬಳ್ಳಿಗೆ ಕೆಂಪು ದಾರ ಕಟ್ಟು. ಅಲ್ಲಿಂದ ಕೈ ಬಿಡದೆ ಏಣಿ ಹತ್ತಿ ಮೇಲಕ್ಕೆ ಹೋಗು. ಕೈಗೆ ಎಟಕುವ ತನಕ ಬರುವ ಪ್ರತಿ ಎಲೆಯೂ ಆ ಬಳ್ಳಿಯದೇ ಹೌದೋ ನೋಡು. ಇನ್ನೊಂದು ಬಣ್ಣದ ದಾರವನ್ನು ಬಿಳಲಿಗೆ ಕಟ್ಟಿ ಅದರ ಜಾಡನ್ನೂ ಹಿಡಿ. ಅರ್ಧ ಗಂಟೆಯಲ್ಲಿ ಫೋನ್ ಬಂತು. ಕೆಂಪು ದಾರದ ಬಳ್ಳಿಯಲ್ಲಿ ಒಂದೂ ಬಿಳಲಿಲ್ಲ. ಬಿಳಲುಗಳು ಹೊರಟಿದ್ದು ಮೇಲೆ ಕೊಂಬೆಯಿಂದ ಕೊಂಬೆಗೆ ಹೋಗಿದ್ದ ಹೆಬ್ಬೆರಳು ಗಾತ್ರದ, ಬೂದು ಸಿಪ್ಪೆಯ ಬೇರೊಂದು ಬಳ್ಳಿಯಿಂದ. ಅದರ ಬುಡ ಹಲಸಿನ ಹತ್ತಿರವೇ ಇರಲಿಲ್ಲ. ಬೇಲಿಯ ಹಾಲುವಾಣದ ಮರದಿಂದ ದಾಟಿ ಬಂದಿತ್ತು. ಅದರ ಸಿಪ್ಪೆ ಹಾಳೆಯಾಗಿ ಎದ್ದಿತು, ಒಳಗೆ ಹಸಿರಿತ್ತು.

ಅಂದರೆ ಖಾಲಾ ಅಡುಗೆಮನೆಯಲ್ಲಿಟ್ಟಿದ್ದ ಗೇಣುದ್ದದ ತುಂಡು ಕಾಕಮಾರಿಯದು. ಕಾಕಮಾರಿಯ ಕಾಯಿ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ, ಹೊಳೆಯಲ್ಲಿ ಮೀನಿಗೆ ಅಮಲು ಬರಿಸಲು ಜಜ್ಜಿ ಹಾಕುತ್ತಿದ್ದ ಕಾಯಿ. ಅದರ ಬೀಜದಲ್ಲಿ ಪಿಕ್ರೊಟಾಕ್ಸಿನ್ ಎಂಬ ವಿಷವಿದೆ; ಮನುಷ್ಯರಿಗೆ ಅದು ಸೆಳವು ತರುತ್ತದೆ. ವಿಷ ಮುಖ್ಯವಾಗಿ ಬೀಜದಲ್ಲಿರುವುದು ನಿಜ. ಹಾಗೆಂದು ಅದರ ಕಾಂಡವನ್ನು ಕುದಿಸಿ ದಿನಾ ಕುಡಿಯುವ ಬಳ್ಳಿಯಲ್ಲ ಅದು.

ಇಷ್ಟಕ್ಕೆ ಅಮೃತಬಳ್ಳಿ ಸಿಕ್ಕಿತು ಎಂದು ನಿಲ್ಲಿಸುವಂತಿರಲಿಲ್ಲ. ಕಾರಣ, ನೇತಾಡುವ ದಾರದಂಥ ಬಿಳಲು ಅಮೃತಬಳ್ಳಿಗೆ ಮಾತ್ರ ಇರುವುದಲ್ಲ. ಅದರ ಸ್ವಂತ ಜಾತಿಭಾಂಧವನೇ ಆದ ಟಿನೋಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಗೂ ಇದೆ. ಎಲೆಯೂ ಅದೇ ರೀತಿ. ಇದು ಹೆಚ್ಚಾಗಿ ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾ ಕಡೆಯ ಬಳ್ಳಿ. ಆದರೆ ತುಂಡು ನೆಟ್ಟರೆ ಬದುಕುವ ಬಳ್ಳಿಯಾದ್ದರಿಂದ ಕೈಯಿಂದ ಕೈಗೆ ಎಲ್ಲಿಗೆ ಬೇಕಾದರೂ ಹೋಗಬಹುದು. 2021ರ ಅಕ್ಟೋಬರಿನಲ್ಲಿ ಕೇಂದ್ರ ಆಯುಷ್ ಸಚಿವಾಲಯ ಪತ್ರಿಕಾ ಹೇಳಿಕೆ ಕೊಟ್ಟು ಎಚ್ಚರಿಸಿದ್ದು ಈ ಬಳ್ಳಿಯ ಬಗ್ಗೆಯೇ.

ಅದರ ಹಿನ್ನೆಲೆ ಹೀಗಿದೆ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನ ನಡುವೆ ಮುಂಬೈಯಲ್ಲಿ ಆರು ಜನ ರೋಗಿಗಳು ಕಾಮಾಲೆ, ಯಕೃತ್ತಿನ ತೊಂದರೆಯಿಂದ ವೈದ್ಯರ ಬಳಿ ಬಂದರು. ಎಲ್ಲರೂ ಕೊರೊನಾ ಭಯದಲ್ಲಿ ಗಿಲೋಯ್ ಸೇವಿಸಿದವರು. ವೈದ್ಯರು ಇದನ್ನು ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯವು, ಬಳ್ಳಿಯನ್ನು ಸರಿಯಾಗಿ ಗುರುತಿಸಿಲ್ಲ, ಕ್ರಿಸ್ಪಾದಂಥ ಹೋಲುವ ಬಳ್ಳಿ ಸೇರಿರಬಹುದು ಎಂದಿತು. ಅದು ಕೊಟ್ಟ ವ್ಯತ್ಯಾಸಗಳಲ್ಲಿ ಮುಖ್ಯವಾದದ್ದು ಕಾಂಡವೇ. ಅಮೃತಬಳ್ಳಿಯ ಕಾಂಡ ಹಸಿರು, ಅದರ ಮೇಲೆ ಗುಬುಟುಗಳಿಲ್ಲ, ಮುರಿದರೆ ಹಾಲು ಬರುವುದಿಲ್ಲ. ಕ್ರಿಸ್ಪಾದ ಕಾಂಡ ಬೂದು, ಗುಬುಟುಗಳಿವೆ, ಹಾಲಿನಂಥ ರಸವಿದೆ.

ಫ್ಲಾಷ್ ಹಾಕಬೇಡಿ ಎಂದದ್ದು ಈ ಗುಬುಟಿಗಾಗಿ. ಎದುರಿನಿಂದ ಫ್ಲಾಷ್ ಬಿದ್ದರೆ ನೆರಳೇ ಬೀಳುವುದಿಲ್ಲ. ಅಮೃತಬಳ್ಳಿಯ ಚಪ್ಪಟೆ ಚುಕ್ಕೆಯೂ ಕ್ರಿಸ್ಪಾದ ನರುಲಿಯಂಥ ಗುಬುಟೂ ಎರಡೂ ಫೋಟೊದಲ್ಲಿ ಒಂದೇ ತರಹದ ಬಿಳಿ ಚುಕ್ಕೆಯಾಗುತ್ತವೆ. ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ಬಿಸಿಲು ಪಕ್ಕದಿಂದ ಬೀಳುವಾಗ ತೆಗೆದರೆ ಪ್ರತಿ ಗುಬುಟಿಗೂ ಒಂದು ಕಡೆ ನೆರಳು ಇರುತ್ತದೆ. ಕಾಂಡದ ಅಂಚನ್ನು ಆಕಾಶಕ್ಕೆ ಎದುರಾಗಿ ನೋಡಿದರೆ ಇನ್ನೂ ಚೆನ್ನ. ಕ್ರಿಸ್ಪಾದ ಅಂಚು ಹಾಗಲಕಾಯಿಯ ಅಂಚಿನ ಹಾಗೆ ಏರುಪೇರು. ಅಮೃತಬಳ್ಳಿಯ ಅಂಚು ಹೆಚ್ಚುಕಡಿಮೆ ಸರಳ ರೇಖೆ. ಬಿಸಿಲಿಲ್ಲದ ಮಳೆಗಾಲದಲ್ಲಿ ಟಾರ್ಚನ್ನು ಕಾಂಡದ ಪಕ್ಕಕ್ಕೆ ಅಡ್ಡಲಾಗಿ ಹಿಡಿದರೂ ಇದೇ ಪರಿಣಾಮ ಸಿಗುತ್ತದೆ.

ಅಡ್ಡಗದ್ದೆಯ ಹಾಲುವಾಣದ ಬಳ್ಳಿಯ ಕಾಂಡವನ್ನು ಸಂಜೆಯ ಬೆಳಕಲ್ಲಿ ಹೀಗೆ ತೆಗೆಸಿದೆ. ಅಂಚು ಸರಳವಾಗಿತ್ತು, ಚುಕ್ಕೆಗಳಿಗೆ ನೆರಳಿರಲಿಲ್ಲ. ಸಣ್ಣ ತುಂಡನ್ನು ಅಡ್ಡ ಕತ್ತರಿಸಿದಾಗ ಹಾಲು ಬರಲಿಲ್ಲ. ಕತ್ತರಿಸಿದ ಮುಖದಲ್ಲಿ ಗಾಡಿಯ ಚಕ್ರದ ಅರೆಗಳಂತೆ ಗೆರೆಗಳು ಕಂಡವು. ಈ ಚಕ್ರವನ್ನು ನಮ್ಮ ಹಳೆಯ ವೈದ್ಯರೂ ಗಮನಿಸಿದ್ದರು, ಚಕ್ರಲಕ್ಷಣಾ ಎಂಬುದು ಅಮೃತಬಳ್ಳಿಯ ಇನ್ನೊಂದು ಹೆಸರು. ಆದರೆ ಚಕ್ರ ಮಾತ್ರ ನೋಡಿ ತೀರ್ಮಾನಿಸಬಾರದು. ಇದೇ ಕುಟುಂಬದ ಬೇರೆ ಬಳ್ಳಿಗಳಲ್ಲೂ, ಕಾಕಮಾರಿಯಲ್ಲೂ, ಇಂಥ ಅರೆಗಳು ಇರುತ್ತವೆ. ಹಾಗೆಯೇ ಬಿಳಲು ಕಾಣಲಿಲ್ಲ ಎಂದು ಅಮೃತಬಳ್ಳಿ ಅಲ್ಲ ಎನ್ನಲೂ ಬಾರದು. ಎಳೆಯ ಬಳ್ಳಿಗೆ ಬಿಳಲು ಇರುವುದಿಲ್ಲ, ಹಿತ್ತಿಲು ಸವರುವಾಗ ಕತ್ತಿಗೆ ಸಿಕ್ಕಿ ಹೋಗಿಯೂ ಇರಬಹುದು. ಕಾಂಡ, ಬಿಳಲು, ಎಲೆಯ ಅಡಿಭಾಗ ಮೂರೂ ಒಂದೇ ಬಳ್ಳಿಯದು ಎಂದು ಖಚಿತವಾಗಿ, ಮೂರೂ ಒಂದೇ ಮಾತು ಹೇಳಿದರೆ ಹೆಸರು ಹೇಳಬಹುದು. ಒಂದು ಹೊಂದದಿದ್ದರೂ ಗೊತ್ತಿಲ್ಲ ಎನ್ನುವುದೇ ಸರಿಯಾದ ಉತ್ತರ.

ಕೊನೆಗೊಂದು ಮಾತು ಖಾಲಾಗೆ ಹೇಳುವುದು ಕಷ್ಟವಾಯಿತು. ನಿಜವಾದ ಅಮೃತಬಳ್ಳಿ ಸಿಕ್ಕ ಸಂತೋಷದಲ್ಲಿ ಅವರಿದ್ದರು. "ಈಗ ಕುದಿಸಬಹುದಲ್ಲ?" ಎಂದರು. ಗುರುತು ಸಿಕ್ಕಿತು ಎಂದರೆ ಕುಡಿಯಬಹುದು ಎಂದಾಗುವುದಿಲ್ಲ. ಹೆಸರು ತಪ್ಪಿದ್ದೇ ಎಲ್ಲ ತೊಂದರೆಗೆ ಕಾರಣ ಎಂಬ ಮಾತನ್ನು ಯಕೃತ್ತಿನ ವೈದ್ಯರು ಒಪ್ಪಲಿಲ್ಲ. ಮರುವರ್ಷ, 2022ರಲ್ಲಿ, ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು. ಅವರ ಲೇಖನದ ಹೆಸರಿನಲ್ಲೇ ಕ್ರಿಸ್ಪಾ ಇಲ್ಲ, ಇರುವುದು ಕಾರ್ಡಿಫೋಲಿಯಾ. ಆಯುಷ್ ಸಚಿವಾಲಯ ಬಳ್ಳಿ ಸುರಕ್ಷಿತ ಎಂಬ ತನ್ನ ಮಾತಿಗೆ ಅಂಟಿಕೊಂಡಿದೆ. ಆ ಚರ್ಚೆಯನ್ನು ತೀರ್ಮಾನಿಸುವಷ್ಟು ದೊಡ್ಡವನು ನಾನಲ್ಲ. ಆದರೆ ಖಾಲಾ ವಿಷಯದಲ್ಲಿ ಇನ್ನೊಂದು ಸರಳ ಸಂಗತಿ ಇತ್ತು. ಅಮೃತಬಳ್ಳಿ ರಕ್ತದ ಸಕ್ಕರೆ ಇಳಿಸುತ್ತದೆ ಎಂದೇ ಅವರು ಅದನ್ನು ಕುಡಿಯಲು ಹೊರಟಿದ್ದು. ಸಕ್ಕರೆ ಇಳಿಸುವ ಮಾತ್ರೆಯನ್ನು ಎರಡು ಹೊತ್ತು ನುಂಗುವವರು ಅದರ ಮೇಲೆ ಇದನ್ನೂ ಕುಡಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ರಮಝಾನಿನ ಉಪವಾಸದ ದಿನಗಳಲ್ಲಿ ಅದು ಇನ್ನೂ ಅಪಾಯ.

"ಹಾಗಾದರೆ ಇಷ್ಟೆಲ್ಲ ಫೋಟೊ ತೆಗೆಸಿದ್ದು ಯಾಕೆ?" ಎಂದು ಖಾಲಾ ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು. ಡಾಕ್ಟರ ಹತ್ತಿರ ಹೋಗುವಾಗ "ಏನೋ ಒಂದು ಬಳ್ಳಿ" ಎಂದು ಹೇಳುವ ಬದಲು ಇಂಥದೇ ಬಳ್ಳಿ ಎಂದು ಹೇಳಬಹುದು, ಅದಕ್ಕೆ ಎಂದೆ. ಕಾಕಮಾರಿಯ ತುಂಡನ್ನು ಅವರೇ ಒಲೆಗೆ ಹಾಕದೆ ಗುಂಡಿ ತೆಗೆದು ಹೂತರು. ಮುಂದಿನ ತಿಂಗಳ ತಪಾಸಣೆಗೆ ಕೊಪ್ಪಕ್ಕೆ ಹೋದಾಗ ಹುಡುಗನ ಮೊಬೈಲಿನಲ್ಲಿ ಅಮೃತಬಳ್ಳಿಯ ಫೋಟೊ ತೋರಿಸಿದ್ದಾರೆ. ಮಾತ್ರೆ ನಡೆಯುತ್ತಿರುವಾಗ ಬೇಡ ಎಂದರಂತೆ ಡಾಕ್ಟರು. ಹಾಲುವಾಣದ ಬಳ್ಳಿಗೆ ಕಟ್ಟಿದ ದಾರವನ್ನು ಮಾತ್ರ ಖಾಲಾ ಬಿಚ್ಚಿಲ್ಲ. ಹಿತ್ತಿಲು ಸವರಲು ಬರುವವರು ಕಡಿಯದಿರಲಿ ಎಂದು.

ನಿಮ್ಮ ಮನೆಯಿಂದಲೂ ಎಲೆಯ ಫೋಟೊ ಬಂದೇ ಬರುತ್ತದೆ. ಬಂದಾಗ ಮೊದಲು ಈ ನಾಲ್ಕನ್ನು ಕೇಳಿ: ಇಡೀ ಮರ, ಸಿಪ್ಪೆ ಎಬ್ಬಿಸಿದ ಕಾಂಡ ಪಕ್ಕದ ಬೆಳಕಿನಲ್ಲಿ, ಬಿಳಲು ಅಂಗೈ ಮುಂದೆ, ಎಲೆಯ ಅಡಿಭಾಗ ತೊಟ್ಟಿನ ಸಮೇತ. ಎಲ್ಲವೂ ದಾರ ಕಟ್ಟಿದ ಒಂದೇ ಬಳ್ಳಿಯದಾಗಿರಲಿ.